ಮುಟ್ಟು ನಿಲ್ಲುವ ಹೊತ್ತಿನ ಹೊಟ್ಟೆ ಬೊಜ್ಜು: ಊಟ ಇಳಿಸೋದೋ, ಬಲ ಏರಿಸೋದೋ?

ಹೋದ ವರ್ಷ ಗೌರಿ ಹಬ್ಬಕ್ಕೆ ತವರಿಗೆ ಹೋಗಿದ್ದೆ. ಅತ್ತಿಗೆ ಸೀರೆ ಉಡುತ್ತಿದ್ದವರು ಒಳಗಿನಿಂದ ಕೂಗಿದರು. ‘ಬಾರೇ ಇಲ್ಲಿ, ಲಾಡಿ ಗಂಟು ಹಾಕೋಕೆ ತುದಿನೇ ಸಿಗ್ತಿಲ್ಲ ನೋಡು.’ ಲಂಗ ಹಳೆಯದು, ಲಾಡಿಯೂ ಹಳೆಯದು. ಮೊದಲೆಲ್ಲ ಗಂಟು ಬಿಗಿದ ಮೇಲೂ ಒಂದು ಗೇಣು ಲಾಡಿ ನೇತಾಡುತ್ತಿತ್ತಂತೆ. ಈಗ ಎರಡು ಬೆರಳಷ್ಟೂ ಉಳಿದಿರಲಿಲ್ಲ. ಆದರೆ ತೂಕ ಕೇಳಿದರೆ ಐದು ವರ್ಷದಲ್ಲಿ ಏರಿದ್ದು ಎರಡೂವರೆ ಕಿಲೋ ಅಷ್ಟೇ.

ಅತ್ತಿಗೆಗೆ ಆಗ 51. ಮುಟ್ಟು ನಿಂತು ಒಂದೂವರೆ ವರ್ಷ ಆಗಿತ್ತು. ಹಬ್ಬ ಮುಗಿದ ಮೇಲೆ ಅವರು ತಮಗೆ ಗೊತ್ತಿದ್ದ ದಾರಿ ಹಿಡಿದರು. 38ನೇ ವಯಸ್ಸಿನಲ್ಲಿ ಅದೇ ದಾರಿಯಲ್ಲಿ ಮೂರು ತಿಂಗಳಿಗೆ ಐದು ಕಿಲೋ ಇಳಿಸಿದ್ದರು. ಬೆಳಿಗ್ಗೆ ಒಂದು ಬಟ್ಟಲು ಉಪ್ಪಿಟ್ಟು, ಮಧ್ಯಾಹ್ನ ಅನ್ನದ ಬದಲು ಒಂದು ಮುದ್ದೆ ಮತ್ತು ತಿಳಿ ಸಾರು, ರಾತ್ರಿ ಊಟ ಇಲ್ಲ, ಬರೀ ಹಣ್ಣು ಮತ್ತು ಮಜ್ಜಿಗೆ. ಈ ಸಲ ಎರಡು ತಿಂಗಳು ಕಟ್ಟುನಿಟ್ಟಾಗಿ ಮಾಡಿದರು. ಎರಡು ಕಿಲೋ ಇಳಿದು ತೂಕ ಅಲ್ಲೇ ನಿಂತಿತು. ಹೊಟ್ಟೆ ಇಳಿದದ್ದು ಒಂದೇ ಒಂದು ಸೆಂಟಿಮೀಟರ್. ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತಿತ್ತು. ‘ನಾನೇನು ಕದ್ದು ತಿಂತೀನಾ? ಅದೇ ಊಟ, ಅದೇ ನಾನು’ ಅಂದರು.

ನಾನು ಆಹಾರ ಸಲಹೆಯ ಕೆಲಸ ಮಾಡುವವಳು. ಈ ಮಾತನ್ನು ವಾರಕ್ಕೆ ಎರಡು ಮೂರು ಸಲ ಕೇಳುತ್ತೇನೆ. ಕದ್ದು ತಿನ್ನುವುದು ಇದಕ್ಕೆ ಕಾರಣ ಅಲ್ಲವೇ ಅಲ್ಲ. ಊಟ ಅದೇ, ನಿಜ. ಆದರೆ ‘ಅದೇ ನಾನು’ ಅನ್ನುವ ಮಾತು ಮಾತ್ರ ಸರಿಯಲ್ಲ. ಒಳಗೆ ಏನು ಬದಲಾಗಿದೆ ಎಂದು ಮೊದಲು ನೋಡೋಣ. ಆಮೇಲೆ ಹೆಂಗಸರ ಮುಂದಿರುವ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುತ್ತೇನೆ.

ಹಳೆಯ ಊಟ ಯಾಕೆ ಕೈಕೊಡುತ್ತದೆ

ವಯಸ್ಸಾದ ಮೇಲೆ ಮೈಗೆ ಕ್ಯಾಲರಿ ಸುಡುವ ಶಕ್ತಿಯೇ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅಷ್ಟು ಸರಿಯಲ್ಲ. 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಹಲವು ದೇಶಗಳ ಸಾವಿರಾರು ಜನರ ಮೇಲಿನ ಒಂದು ದೊಡ್ಡ ಅಧ್ಯಯನ ಬಂತು. ಮೈಯಲ್ಲಿರುವ ಕೊಬ್ಬು ಬಿಟ್ಟು ಉಳಿದ ತೂಕಕ್ಕೆ ಹೊಂದಿಸಿ ನೋಡಿದರೆ, 20ರಿಂದ 60ರ ವರೆಗೆ ಮೈ ದಿನಕ್ಕೆ ಸುಡುವ ಶಕ್ತಿ ಹೆಚ್ಚು ಕಡಿಮೆ ಒಂದೇ ಇರುತ್ತದೆ ಎಂದು ಅದು ತೋರಿಸಿತು. ‘ಕೊಬ್ಬು ಬಿಟ್ಟು ಉಳಿದ ತೂಕ’ ಅನ್ನುವುದನ್ನು ನೆನಪಿಡಿ. ವಿಷಯದ ಬೇರು ಅಲ್ಲೇ ಇದೆ.

ಅಮೆರಿಕದಲ್ಲಿ ಸ್ವಾನ್ ಎಂಬ ಅಧ್ಯಯನ 1990ರ ದಶಕದಿಂದ ಸಾವಿರಾರು ಹೆಂಗಸರನ್ನು ವರ್ಷ ವರ್ಷವೂ ಅಳೆಯುತ್ತಾ ಬಂದಿದೆ. 2019ರಲ್ಲಿ ಬಂದ ಅದರ ಒಂದು ವರದಿಯಲ್ಲಿ ಎರಡು ಮುಖ್ಯ ಸಂಗತಿಗಳಿದ್ದವು. ಮುಟ್ಟು ಏರುಪೇರಾಗಲು ಶುರುವಾದ ಹೊತ್ತಿನಿಂದ ಕೊಬ್ಬು ಸೇರುವ ವೇಗ ಎರಡರಷ್ಟಾಗಿತ್ತು. ಅದೇ ಹೊತ್ತಿನಿಂದ ಮಾಂಸಖಂಡದ ಭಾಗ ಕರಗತೊಡಗಿತ್ತು. ಕೊನೆಯ ಮುಟ್ಟು ಆದ ಮೇಲೂ ಸುಮಾರು ಎರಡು ವರ್ಷ ಇದು ಹೀಗೇ ನಡೆದು, ಆಮೇಲೆ ನಿಂತಿತು. ಇಷ್ಟಾದರೂ ಒಟ್ಟು ತೂಕದಲ್ಲಿ ದಿಢೀರ್ ಏರಿಕೆ ಕಾಣಲಿಲ್ಲ. ಒಂದು ಕಡೆ ಕೊಬ್ಬು ಸೇರುತ್ತಿದೆ, ಇನ್ನೊಂದು ಕಡೆ ಮಾಂಸಖಂಡ ಹೋಗುತ್ತಿದೆ. ತಕ್ಕಡಿಗೆ ಇದು ಗೊತ್ತೇ ಆಗುವುದಿಲ್ಲ. ಅತ್ತಿಗೆಯ ಲಾಡಿಗೆ ಗೊತ್ತಾಯಿತು.

ಇನ್ನು ಕೊಬ್ಬು ಹೊಟ್ಟೆಗೇ ಯಾಕೆ ಬರಬೇಕು? ಮುಟ್ಟು ನಿಲ್ಲುವ ಹೊತ್ತಿಗೆ ಇಳಿಯುವ ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್. ಅದು ಚೆನ್ನಾಗಿದ್ದಾಗ ಕೊಬ್ಬು ಹೆಚ್ಚಾಗಿ ತೊಡೆ ಮತ್ತು ಕುಂಡೆಯ ಕಡೆ ಸೇರುತ್ತದೆ. ಅದು ಇಳಿದ ಮೇಲೆ ಹೊಟ್ಟೆಯ ಕಡೆ ತಿರುಗುತ್ತದೆ. ಅದರಲ್ಲೂ ಚರ್ಮದ ಕೆಳಗೆ ಮಾತ್ರ ಅಲ್ಲ, ಒಳಗೆ ಕರುಳು, ಲಿವರ್ ಸುತ್ತಮುತ್ತ ಕೂರುತ್ತದೆ. ಬೆರಳಲ್ಲಿ ಚಿವುಟಿ ಹಿಡಿಯಲು ಸಿಗುವುದು ಹೊರಗಿನ ಕೊಬ್ಬು. ಒಳಗಿನದು ಕೈಗೆ ಸಿಗುವುದಿಲ್ಲ, ಹೊಟ್ಟೆಯನ್ನು ಒಳಗಿನಿಂದ ಮುಂದಕ್ಕೆ ತಳ್ಳುತ್ತದೆ. ಸಕ್ಕರೆ ಕಾಯಿಲೆ, ಫ್ಯಾಟಿ ಲಿವರ್, ಬಿಪಿ ಇವಕ್ಕೆಲ್ಲ ಹತ್ತಿರದ ನಂಟು ಇರುವುದು ಈ ಒಳಗಿನ ಕೊಬ್ಬಿಗೆ.

ಈಗ ಹಳೆಯ ಡಯಟ್‌ಗೆ ಬನ್ನಿ. ಊಟ ಮಾತ್ರ ಇಳಿಸಿ ತೂಕ ಕಳೆದಾಗ ಹೋಗುವುದೆಲ್ಲ ಕೊಬ್ಬಲ್ಲ. ನಾಲ್ಕು ಕಿಲೋ ಇಳಿದರೆ ಅದರಲ್ಲಿ ಸುಮಾರು ಒಂದು ಕಿಲೋ ಮಾಂಸಖಂಡದ ಕಡೆಯಿಂದ ಹೋಗಿರುತ್ತದೆ. ಮತ್ತೆ ತೂಕ ಬಂದಾಗ ಬಹುಪಾಲು ಕೊಬ್ಬಾಗಿಯೇ ಬರುತ್ತದೆ. 38ರಲ್ಲಿ ಇದನ್ನು ತಡೆದುಕೊಳ್ಳಬಹುದು. ಆಗ ಈಸ್ಟ್ರೋಜನ್ ಇತ್ತು. ಓಡಾಟ ಜಾಸ್ತಿ, ಮಕ್ಕಳು ಚಿಕ್ಕವರು, ನಿದ್ದೆಯೂ ಬರುತ್ತಿತ್ತು. 51ರಲ್ಲಿ ಮಾಂಸಖಂಡ ತಾನಾಗಿಯೇ ಕರಗುತ್ತಿರುವಾಗ ಮೇಲಿಂದ ಅರ್ಧ ಹೊಟ್ಟೆ ಇಟ್ಟರೆ ಕರಗುವುದು ಇನ್ನೂ ಜೋರಾಗುತ್ತದೆ. ಕಡಿಮೆ ತಿಂದಾಗ ಸುಸ್ತಾಗಿ, ಗೊತ್ತಿಲ್ಲದೆಯೇ ಜಾಸ್ತಿ ಕೂರುತ್ತೇವೆ. ಅಲ್ಲಿ ಉಳಿಸಿದ ಕ್ಯಾಲರಿ ಇಲ್ಲಿ ಹೋಯಿತು.

ರಾತ್ರಿ ಮೈ ಬಿಸಿಯೇರಿ ಬೆವರಿ ಎರಡು ಮೂರು ಸಲ ಏಳುವವರಿಗೆ ಇನ್ನೊಂದು ಪೆಟ್ಟಿದೆ. ನಿದ್ದೆಗೆಟ್ಟ ಮರುದಿನ ಹಸಿವು ಜಾಸ್ತಿ, ಅದರಲ್ಲೂ ಸಿಹಿ ಮತ್ತು ಕರಿದ ತಿಂಡಿಯ ಮೇಲೆ ಆಸೆ. ಅದು ನಾಲಿಗೆ ಚಪಲ ಅಲ್ಲ, ನಿದ್ದೆ ಇಲ್ಲದ ಮೈಯ ಬೇಡಿಕೆ.

ಮೊದಲು ಸರಿಯಾಗಿ ಅಳೆಯಿರಿ

ಯಾವ ದಾರಿ ಒಳ್ಳೆಯದು ಎಂದು ತಕ್ಕಡಿಯನ್ನು ಕೇಳಿದರೆ ಅದು ತಪ್ಪು ಉತ್ತರ ಕೊಡುತ್ತದೆ. ಟೈಲರ್ ಟೇಪು ತೆಗೆದುಕೊಳ್ಳಿ. ಬೆಳಿಗ್ಗೆ, ಏನೂ ತಿನ್ನುವ ಮೊದಲು, ಬಟ್ಟೆ ಸರಿಸಿ ನೇರ ನಿಲ್ಲಿ. ಪಕ್ಕೆಯಲ್ಲಿ ಕೊನೆಯ ಪಕ್ಕೆಲುಬನ್ನು ಬೆರಳಲ್ಲಿ ಮುಟ್ಟಿ ನೋಡಿ, ಸೊಂಟದ ಮೂಳೆಯ ಮೇಲಂಚನ್ನೂ ಮುಟ್ಟಿ ನೋಡಿ. ಎರಡರ ನಡುಮಧ್ಯ ಟೇಪು ಸುತ್ತಿ. ಸೀರೆ ಕಟ್ಟುವ ಜಾಗದಲ್ಲಿ ಅಳೆಯಬೇಡಿ. ಅದು ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುತ್ತದೆ, ವಯಸ್ಸಾದಂತೆ ಕೆಳಕ್ಕೂ ಜಾರುತ್ತದೆ. ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆಳೆಯದೆ ಓದಿ. ಎರಡು ವಾರಕ್ಕೊಮ್ಮೆ ಸಾಕು.

ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು ಎನ್ನುತ್ತಾರೆ. ಇನ್ನೂ ಸುಲಭದ ಲೆಕ್ಕವೂ ಇದೆ. ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಅತ್ತಿಗೆ 154 ಸೆಂಟಿಮೀಟರ್ ಎತ್ತರ. ಅರ್ಧ ಅಂದರೆ 77. ಅವರ ಹೊಟ್ಟೆ 92 ಇತ್ತು, ತೂಕ 64 ಕಿಲೋ. ಇಷ್ಟು ಬರೆದಿಟ್ಟುಕೊಂಡು ಈಗ ದಾರಿಗಳನ್ನು ನೋಡೋಣ.

ಊಟದ ಕಡೆಯ ದಾರಿಗಳು

ಒಂದು ಹೊತ್ತು ಬಿಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ತೂಕ ಇಳಿಯುತ್ತದೆ, ಅದರಲ್ಲಿ ಸುಳ್ಳಿಲ್ಲ. ಮೊದಲ ಎರಡು ವಾರದಲ್ಲಿ ಹೋಗುವುದರಲ್ಲಿ ನೀರಿನ ಪಾಲು ದೊಡ್ಡದು, ಆದ್ದರಿಂದ ಖುಷಿಯೂ ಬೇಗ ಸಿಗುತ್ತದೆ. ಆದರೆ ಆ ಊಟದಲ್ಲಿ ಏನಿಲ್ಲ ಎಂದು ನೋಡಬೇಕು. ಅತ್ತಿಗೆಯ ಡಯಟ್ ದಿನದ ಪ್ರೋಟೀನ್ ಲೆಕ್ಕ ಹಾಕಿದೆವು. ಉಪ್ಪಿಟ್ಟಿನಲ್ಲಿ 5 ಗ್ರಾಂ. ಮುದ್ದೆಯಲ್ಲಿ 7. ತಿಳಿ ಸಾರಿನಲ್ಲಿ 4, ಪಲ್ಯದಲ್ಲಿ 2. ಎರಡು ಕಾಫಿಯ ಹಾಲಿನಲ್ಲಿ 6. ಎರಡು ಹೊತ್ತಿನ ಮಜ್ಜಿಗೆಯಲ್ಲಿ 4. ಒಟ್ಟು 28. ಅವರ ತೂಕಕ್ಕೆ ಕನಿಷ್ಠ 53 ಗ್ರಾಂ ಬೇಕು. ಐಸಿಎಂಆರ್ ಹೇಳುವ ಲೆಕ್ಕದಲ್ಲಿ ಕಿಲೋ ತೂಕಕ್ಕೆ 0.83 ಗ್ರಾಂ. ಮಾಂಸಖಂಡ ಕರಗುವ ಈ ವಯಸ್ಸಿನಲ್ಲಿ ಕಿಲೋಗೆ ಒಂದು ಗ್ರಾಂ, ಸ್ವಲ್ಪ ಮೇಲೆ ಹೋದರೂ ಒಳ್ಳೆಯದು. ಈ ಒಂದು ಗ್ರಾಂ ಲೆಕ್ಕದಲ್ಲಿ ಅವರು ಬೇಕಾದ್ದರ ಅರ್ಧವನ್ನೂ ತಿನ್ನುತ್ತಿರಲಿಲ್ಲ. ಡಯಟ್ ಅಂತ ಮಾಡಿದ್ದು ಹೊಟ್ಟೆಗಿಂತ ತೊಡೆಯನ್ನೇ ಕರಗಿಸಿತು.

ಅನ್ನ ಬಿಟ್ಟು ರಾಗಿ, ನವಣೆ, ಸಾಮೆ ಹಿಡಿಯುವುದು ಎರಡನೆಯ ದಾರಿ. ಇದರಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲರಿ ಇದ್ದರೆ, ನೂರು ಗ್ರಾಂ ರಾಗಿಯಲ್ಲಿ 320, ನವಣೆಯಲ್ಲಿ 330ರ ಆಸುಪಾಸು. ವ್ಯತ್ಯಾಸ ಇಷ್ಟೇ. ಪ್ರೋಟೀನ್ ಕೂಡ ರಾಗಿಯಲ್ಲಿ ಅಕ್ಕಿಗಿಂತ ಹೆಚ್ಚೇನಿಲ್ಲ, ಎರಡರಲ್ಲೂ ಏಳೆಂಟು ಗ್ರಾಂ. ರಾಗಿಯಲ್ಲಿ ನಾರು ಮತ್ತು ಕ್ಯಾಲ್ಸಿಯಂ ಜಾಸ್ತಿ, ಮೂಳೆ ಸವೆಯುವ ಈ ವಯಸ್ಸಿಗೆ ಅದು ನಿಜವಾಗಿಯೂ ಬೇಕು. ರಾಗಿ ತಿನ್ನಿ, ಖಂಡಿತ ತಿನ್ನಿ. ಆದರೆ ಎರಡು ದೊಡ್ಡ ಮುದ್ದೆ ನುಂಗಿ, ಅನ್ನ ಬಿಟ್ಟೆ ಎಂದು ಸಮಾಧಾನಪಟ್ಟರೆ ಹೊಟ್ಟೆ ಇಳಿಯುವುದಿಲ್ಲ. ಧಾನ್ಯ ಬದಲಾಯಿಸುವುದಕ್ಕಿಂತ ಧಾನ್ಯದ ಪಾಲು ತಗ್ಗಿಸಿ ಕಾಳಿನ ಪಾಲು ಏರಿಸುವುದು ಮುಖ್ಯ.

ಮೂರನೆಯದು ಹದಿನಾರು ಗಂಟೆ ಉಪವಾಸ, ಎಂಟು ಗಂಟೆಯೊಳಗೆ ಊಟ. 2022ರಲ್ಲಿ ಚೀನಾದ 139 ಜನರನ್ನು ಒಂದು ವರ್ಷ ಗಮನಿಸಿದ ಪ್ರಯೋಗವೊಂದು ಬಂತು. ಒಂದು ಗುಂಪು ಕ್ಯಾಲರಿ ಇಳಿಸಿತು. ಇನ್ನೊಂದು ಗುಂಪು ಅಷ್ಟೇ ಕ್ಯಾಲರಿ ಇಳಿಸಿ, ಎಂಟು ಗಂಟೆಯೊಳಗೆ ಮಾತ್ರ ತಿಂದಿತು. ತೂಕದಲ್ಲಾಗಲಿ ಹೊಟ್ಟೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರಾತ್ರಿ ಹತ್ತಕ್ಕೆ ಸೀರಿಯಲ್ ನೋಡುತ್ತಾ ಚಕ್ಕುಲಿ ತಿನ್ನುವ ಅಭ್ಯಾಸ ಇದ್ದರೆ, ‘ಏಳೂವರೆಗೆ ಅಡುಗೆಮನೆ ಬಂದ್’ ಅನ್ನುವ ನಿಯಮ ಒಳ್ಳೆಯದೇ. ಆದರೆ ಎಂಟು ಗಂಟೆಯೊಳಗೆ ಎರಡೇ ಊಟದಲ್ಲಿ 60 ಗ್ರಾಂ ಪ್ರೋಟೀನ್ ತಿನ್ನುವುದು, ಅದರಲ್ಲೂ ಸಸ್ಯಾಹಾರದಲ್ಲಿ, ತುಂಬ ಕಷ್ಟ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಲೇಬಾರದು.

ನಾಲ್ಕನೆಯದೇ ನಾನು ಆರಿಸುವುದು. ಊಟದ ಹೊತ್ತು ಬಿಡದೆ, ತಟ್ಟೆಯೊಳಗಿನ ಪಾಲು ಬದಲಾಯಿಸುವುದು. ನಮ್ಮ ದೇಶದಲ್ಲಿ ದಿನದ ಶಕ್ತಿಯ ನೂರಕ್ಕೆ ಸುಮಾರು 62 ಭಾಗ ಅನ್ನ, ಗೋಧಿ, ಸಕ್ಕರೆಯಂಥವುಗಳ ಶರ್ಕರಪಿಷ್ಟದಿಂದಲೇ ಬರುತ್ತದೆ ಎಂದು 2025ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ತೋರಿಸಿದೆ. ಬದಲಾಯಿಸಲು ಜಾಗ ಇರುವುದು ಅಲ್ಲೇ.

ಅತ್ತಿಗೆಯ ತಟ್ಟೆ ಹೇಗೆ ಬದಲಾಯಿತು

ಬೆಳಿಗ್ಗೆ ಉಪ್ಪಿಟ್ಟಿನ ಬದಲು ಹೆಸರುಕಾಳಿನ ದೋಸೆ. ಒಬ್ಬರಿಗೆ 60 ಗ್ರಾಂ ಕಾಳು, ರಾತ್ರಿ ನೆನೆಸಿ ಶುಂಠಿ ಹಸಿಮೆಣಸು ಹಾಕಿ ರುಬ್ಬಿದ್ದು. ಅದರಲ್ಲೇ 14 ಗ್ರಾಂ ಬಂತು. ಕೆಲವು ದಿನ ದೋಸೆ ಬೇಡ ಅನಿಸಿದರೆ ಎರಡು ಮೊಟ್ಟೆ. ಮಧ್ಯಾಹ್ನ ಮುದ್ದೆ ಅರ್ಧ ಗಾತ್ರಕ್ಕೆ ಇಳಿಯಿತು, ಅಂದರೆ 50 ಗ್ರಾಂ ಹಿಟ್ಟಿನದು. ತಿಳಿ ಸಾರು ಹೋಗಿ ಗಟ್ಟಿ ಕಾಳಿನ ಸಾರು ಬಂತು. ಹುರುಳಿಯೋ ಅವರೆಯೋ ಅಲಸಂದೆಯೋ, ಒಬ್ಬರ ಪಾಲಿಗೆ 40 ಗ್ರಾಂ ಒಣಕಾಳು. ಜೊತೆಗೆ ಸೊಪ್ಪಿನ ಪಲ್ಯ, ಒಂದು ಬಟ್ಟಲು ಮೊಸರು. ನೀರು ಮಜ್ಜಿಗೆ ಅಲ್ಲ, ಮೊಸರೇ. ಇಲ್ಲಿ 19 ಗ್ರಾಂ. ಸಂಜೆ ಕಾಫಿ ಜೊತೆ ರಸ್ಕ್ ಹೋಗಿ ಒಂದು ಹಿಡಿ ಹುರಿಗಡಲೆ ಬಂತು, 6 ಗ್ರಾಂ. ರಾತ್ರಿ ಒಂದು ಚಪಾತಿ, ತರಕಾರಿ ಜೊತೆ 75 ಗ್ರಾಂ ಪನೀರ್ ಅಥವಾ 30 ಗ್ರಾಂ ಸೋಯಾ ಚಂಕ್ಸ್. ಅಲ್ಲಿಗೆ 17. ಎರಡು ಕಾಫಿಯ ಹಾಲೂ ಸೇರಿದರೆ ದಿನಕ್ಕೆ 62 ಗ್ರಾಂ.

ಒಗ್ಗರಣೆಗೆ ಸೌಟಿನಲ್ಲಿ ಸುರಿಯುತ್ತಿದ್ದ ಎಣ್ಣೆಯನ್ನು ಚಮಚದಲ್ಲಿ ಅಳೆದರು. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲರಿ, ಒಂದು ದೊಡ್ಡ ಚಪಾತಿಯಷ್ಟು. ಇದು ಬಿಟ್ಟರೆ ಬೇರೆ ಯಾವುದನ್ನೂ ‘ತಿನ್ನಲೇಬಾರದು’ ಅನ್ನಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ತಿಂದರು.

ಮೊದಲ ಎರಡು ವಾರ ಹೊಟ್ಟೆ ಉಬ್ಬರ, ಗ್ಯಾಸು. ಇದ್ದಕ್ಕಿದ್ದಂತೆ ಕಾಳು ಜಾಸ್ತಿ ಮಾಡಿದರೆ ಹೀಗಾಗುವುದು ಸಹಜ. ಕಾಳನ್ನು ಎಂಟು ಹತ್ತು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಬರಿಸಿ, ಮೆತ್ತಗೆ ಬೇಯಿಸಿದ ಮೇಲೆ ಕಡಿಮೆಯಾಯಿತು. ಒಂದೇ ಸಲ ಅಷ್ಟನ್ನೂ ಏರಿಸದೆ ವಾರಕ್ಕೆ ಒಂದು ಊಟವನ್ನು ಬದಲಾಯಿಸುತ್ತಾ ಹೋಗಬೇಕಿತ್ತು. ಅದನ್ನು ಮೊದಲೇ ಹೇಳದಿದ್ದದ್ದು ನನ್ನ ತಪ್ಪು. ಇನ್ನೊಂದು ಎಚ್ಚರಿಕೆ: ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಏರಿಸುವ ಮೊದಲು ಡಾಕ್ಟರನ್ನು ಕೇಳಬೇಕು.

ನಡಿಗೆಯೋ, ಭಾರವೋ

ಊಟದಷ್ಟೇ ದೊಡ್ಡ ಪ್ರಶ್ನೆ ಇದು. ನಮ್ಮಲ್ಲಿ ವ್ಯಾಯಾಮ ಅಂದರೆ ವಾಕಿಂಗ್ ಅಂತಲೇ ಅರ್ಥ. ವಾಕಿಂಗ್ ಒಳ್ಳೆಯದು. ಊಟವಾದ ಮೇಲೆ ಹದಿನೈದು ನಿಮಿಷ ನಡೆದರೆ ಸಕ್ಕರೆ ಏರುವುದು ತಗ್ಗುತ್ತದೆ. ಮನಸ್ಸು ಹಗುರ ಆಗುತ್ತದೆ, ನಿದ್ದೆಗೂ ಒಳ್ಳೆಯದು. ಆದರೆ 64 ಕಿಲೋ ಹೆಂಗಸು ಅರ್ಧ ಗಂಟೆ ಬಿರುಸಾಗಿ ನಡೆದರೆ ಸುಡುವುದು 120ರಿಂದ 150 ಕ್ಯಾಲರಿ. ವಾಕಿಂಗ್ ಮುಗಿಸಿ ಗೆಳತಿಯರ ಜೊತೆ ತಿನ್ನುವ ಒಂದು ವಡೆಗೆ ಅದು ಸರಿಹೋಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತು: ಹತ್ತು ವರ್ಷದಿಂದ ನಡೆಯುತ್ತಿರುವ ಕಾಲಿಗೆ ಅದೇ ನಡಿಗೆ ಹೊಸ ಕೆಲಸವೇ ಅಲ್ಲ. ಅದರಿಂದ ಮಾಂಸಖಂಡ ಬೆಳೆಯುವುದಿಲ್ಲ.

ಮಾಂಸಖಂಡ ಉಳಿಯಬೇಕಾದರೆ ಭಾರ ಎತ್ತಬೇಕು. ಆ ಭಾರ ಸ್ವಲ್ಪ ಸ್ವಲ್ಪವೇ ಏರಬೇಕು. ಭಾರ ಎತ್ತುವುದು ಗಂಡಸರ ಕೆಲಸ ಅನ್ನುವವರಿಗೆ ಆಸ್ಟ್ರೇಲಿಯಾದಲ್ಲಿ ನಡೆದ ಪ್ರಯೋಗವೊಂದನ್ನು ಹೇಳುತ್ತೇನೆ. 2018ರಲ್ಲಿ ಪ್ರಕಟವಾಯಿತು. ಮುಟ್ಟು ನಿಂತ, ಮೂಳೆ ಸವೆದ ಹೆಂಗಸರು ತರಬೇತಿದಾರರ ಕಣ್ಣೆದುರಲ್ಲಿ ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ಚೆನ್ನಾಗಿಯೇ ಭಾರ ಎತ್ತಿದರು. ಎಂಟು ತಿಂಗಳಲ್ಲಿ ಬೆನ್ನಿನ ಮೂಳೆಯ ಸಾಂದ್ರತೆ ಏರಿತ್ತು.

ಒಂದು ವಿಷಯ ಪ್ರಾಮಾಣಿಕವಾಗಿ ಹೇಳಬೇಕು. ‘ಮಾಂಸಖಂಡ ಬೆಳೆದರೆ ಕೂತಲ್ಲೇ ರಾಶಿ ಕ್ಯಾಲರಿ ಸುಡುತ್ತದೆ’ ಎಂದು ಜಿಮ್ಮುಗಳಲ್ಲಿ ಹೇಳುತ್ತಾರೆ. ಒಂದು ಕಿಲೋ ಮಾಂಸಖಂಡ ವಿಶ್ರಾಂತಿಯಲ್ಲಿ ದಿನಕ್ಕೆ ಸುಡುವುದು ಹದಿಮೂರು ಕ್ಯಾಲರಿಯಷ್ಟು ಮಾತ್ರ. ಅದರ ಲಾಭ ಬೇರೆ ಕಡೆ ಇದೆ. ಊಟ ಮಾಡಿದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಒಳಗೆ ಎಳೆದುಕೊಳ್ಳುವುದು ಮಾಂಸಖಂಡ. ಆ ಉಗ್ರಾಣ ಚಿಕ್ಕದಾದಷ್ಟೂ ಮಿಕ್ಕಿದ್ದು ಕೊಬ್ಬಿನ ಕಡೆ ಹೋಗುತ್ತದೆ. ಬಲ ಇದ್ದವರು ದಿನವಿಡೀ ಜಾಸ್ತಿ ಓಡಾಡುತ್ತಾರೆ ಅನ್ನುವುದೂ ಸಣ್ಣ ಮಾತಲ್ಲ.

ಅತ್ತಿಗೆ ಜಿಮ್‌ಗೆ ಹೋಗುವುದಿಲ್ಲ ಎಂದು ಖಡಾಖಂಡಿತ ಹೇಳಿದರು. ಬಚ್ಚಲುಮನೆಯ ಎರಡು ಬಕೆಟ್ ತಂದೆವು. ಸೋಮವಾರ, ಬುಧವಾರ, ಶುಕ್ರವಾರ, ಇಪ್ಪತ್ತೈದು ನಿಮಿಷ. ಮೊದಲು ಕುರ್ಚಿ ಬಸ್ಕಿ: ಕೈ ಊರದೆ ಕುರ್ಚಿಯಿಂದ ಎದ್ದು, ಧೊಪ್ಪನೆ ಬೀಳದೆ ನಿಧಾನ ಕೂರುವುದು, ಹತ್ತು ಸಲ. ಆಮೇಲೆ ಅಡುಗೆ ಕಟ್ಟೆಗೆ ಕೈ ಕೊಟ್ಟು ಓರೆ ನಿಂತು ದಂಡ ಹೊಡೆಯುವುದು, ಎಂಟು ಸಲ. ಮೂರನೆಯದು ಬಕೆಟ್. ಎರಡೂ ಬಕೆಟ್ಟನ್ನು ಗಿಡ್ಡ ಸ್ಟೂಲುಗಳ ಮೇಲೆ ಇಟ್ಟು, ಬೆನ್ನು ಗೂನು ಮಾಡದೆ, ಕುಂಡೆ ಹಿಂದಕ್ಕೆ ತಳ್ಳಿ ಬಗ್ಗಿ, ಎತ್ತಿ ನೇರ ನಿಲ್ಲುವುದು, ಎಂಟು ಸಲ. ಕೊನೆಗೆ ಒಂದು ಕೈ ಮೇಜಿಗೆ ಊರಿ, ಇನ್ನೊಂದು ಕೈಯಲ್ಲಿ ಅಕ್ಕಿ ತುಂಬಿದ ಬಟ್ಟೆ ಚೀಲವನ್ನು ಪಕ್ಕೆಯ ತನಕ ಎಳೆಯುವುದು, ಒಂದೊಂದು ಕಡೆ ಹತ್ತು. ಎಲ್ಲವೂ ಮೂರು ಸುತ್ತು, ನಡುವೆ ಒಂದೆರಡು ನಿಮಿಷ ವಿರಾಮ. ಎತ್ತುವಾಗ ಉಸಿರು ಬಿಡಬೇಕು, ಬಿಗಿ ಹಿಡಿಯಬಾರದು.

ಬಕೆಟ್ ಇಷ್ಟಪಡಲು ನನಗೊಂದು ಕಾರಣ ಇದೆ. ಒಂದು ಲೀಟರ್ ಮಗ್ಗಿನಲ್ಲಿ ಒಂದು ಮಗ್ ನೀರು ಅಂದರೆ ಒಂದು ಕಿಲೋ. ಭಾರವನ್ನು ಮಗ್ ಲೆಕ್ಕದಲ್ಲಿ ಏರಿಸಬಹುದು. ಅತ್ತಿಗೆ ಒಂದೊಂದು ಬಕೆಟ್‌ಗೆ ನಾಲ್ಕು ಮಗ್ ಹಾಕಿ ಶುರು ಮಾಡಿದರು. ಮೂರನೆಯ ಸುತ್ತಿನಲ್ಲಿ ಕೊನೆಯ ಎರಡು ಸಲ ಎತ್ತುವುದು ಕಷ್ಟ ಅನಿಸಬೇಕು, ಅದು ಗುರುತು. ಸಲೀಸಾಗಿ ಬಂದರೆ ಮುಂದಿನ ವಾರ ಅರ್ಧ ಮಗ್ ಜಾಸ್ತಿ. ಹಿಡಿಕೆ ಅಂಗೈಗೆ ಕಚ್ಚಿ ಕೆಂಪು ಗೆರೆ ಬೀಳುತ್ತಿತ್ತು, ಹಳೆಯ ಟವಲ್ ತುಂಡು ಸುತ್ತಿದರು. ಎರಡನೆಯ ತಿಂಗಳಲ್ಲಿ ಹುಮ್ಮಸ್ಸು ಬಂದು ಆರು ಮಗ್‌ನಿಂದ ನೇರ ಎಂಟಕ್ಕೆ ಹಾರಿ ಸೊಂಟ ಹಿಡಿದುಕೊಂಡಿತು. ಒಂದು ವಾರ ಬಿಟ್ಟು, ಮತ್ತೆ ಐದರಿಂದ ಶುರು ಮಾಡಬೇಕಾಯಿತು. ಮೊಣಕಾಲು ಸವೆತ, ಹಳೆಯ ಬೆನ್ನುನೋವು, ಮೂಳೆ ತೀರ ಸವೆದಿರುವುದು, ಹತೋಟಿಗೆ ಬರದ ಬಿಪಿ ಇದ್ದರೆ ಮೊದಲ ಕೆಲವು ಪಾಠ ಫಿಸಿಯೋಥೆರಪಿಸ್ಟ್ ಎದುರಿಗೇ ಆಗಲಿ.

ಹೊಟ್ಟೆ ಮಾತ್ರ ಕರಗಿಸುವ ವ್ಯಾಯಾಮ, ಬೆಲ್ಟು, ನಡುಗುವ ಯಂತ್ರ, ಕೊಬ್ಬು ಸುಡುವ ಚಹಾ ಇವುಗಳಿಗೆ ದುಡ್ಡು ಹಾಕಬೇಡಿ. ಹೊಟ್ಟೆಯ ಸ್ನಾಯು ದುಡಿದ ಮಾತ್ರಕ್ಕೆ ಅದರ ಮೇಲಿನ ಕೊಬ್ಬು ಹೋಗುವುದಿಲ್ಲ.

ಡಾಕ್ಟರ್ ಹತ್ತಿರದ ದಾರಿಗಳು

ಹಾರ್ಮೋನ್ ಚಿಕಿತ್ಸೆ ತೆಗೆದುಕೊಂಡರೆ ತೂಕ ಏರುತ್ತದೆ ಎಂದು ಹೆದರುವವರೂ ಇದ್ದಾರೆ, ಇಳಿಯುತ್ತದೆ ಎಂದು ಬರುವವರೂ ಇದ್ದಾರೆ. ಎರಡೂ ಅಲ್ಲ. ಅದು ತೂಕ ಇಳಿಸುವ ಔಷಧಿಯಲ್ಲ. ಕೊಬ್ಬು ಹೊಟ್ಟೆಯ ಕಡೆ ತಿರುಗುವುದನ್ನು ಸ್ವಲ್ಪ ತಡೆಯಬಹುದು ಅಷ್ಟೇ. ಅದು ಚೆನ್ನಾಗಿ ಕೆಲಸ ಮಾಡುವುದು ಮೈ ಬಿಸಿಯೇರುವುದಕ್ಕೆ, ಬೆವರಿಗೆ, ಅದರಿಂದ ಕೆಟ್ಟ ನಿದ್ದೆಗೆ. ರಾತ್ರಿ ಮೂರು ಸಲ ಒದ್ದೆಯಾಗಿ ಏಳುವ ಹೆಂಗಸಿಗೆ ನಾನು ಬಕೆಟ್ ಎತ್ತಿ ಎಂದು ಹೇಳುವ ಮೊದಲು ಸ್ತ್ರೀರೋಗ ತಜ್ಞರನ್ನು ಕಾಣಲು ಹೇಳುತ್ತೇನೆ. ನಿದ್ದೆ ಬಂದರೆ ಉಳಿದದ್ದು ಸಾಧ್ಯ ಆಗುತ್ತದೆ. 60 ವರ್ಷದೊಳಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡುವವರಿಗೆ ಅಪಾಯಕ್ಕಿಂತ ಲಾಭ ಸಾಮಾನ್ಯವಾಗಿ ಹೆಚ್ಚು. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ತೊಂದರೆ, ಪಾರ್ಶ್ವವಾಯು ಆಗಿದ್ದವರಿಗೆ ಇದು ಸಾಮಾನ್ಯವಾಗಿ ಆಗದು.

ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ಇಂಜೆಕ್ಷನ್‌ಗಳ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಅವುಗಳ ಹೆಸರು. ತೂಕಕ್ಕೆಂದೇ ಇವು 2025ರಲ್ಲಿ ನಮ್ಮ ದೇಶಕ್ಕೆ ಬಂದವು. ಕೆಲಸ ಮಾಡುತ್ತವೆ, ಇದರಲ್ಲಿ ಅನುಮಾನ ಇಲ್ಲ. ಸೆಮಾಗ್ಲುಟೈಡ್‌ನ ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿಯಿತು. ಬಿಎಂಐ 30 ದಾಟಿದವರಿಗೆ, ಅಥವಾ 27 ದಾಟಿ ಜೊತೆಗೆ ಸಕ್ಕರೆ, ಬಿಪಿಯಂಥ ಕಾಯಿಲೆ ಇರುವವರಿಗೆ ಇವನ್ನು ಬರೆಯುತ್ತಾರೆ. ಹಸಿವೇ ಹೋಗುವುದರಿಂದ ಪ್ರೋಟೀನ್ ತಿನ್ನುವುದು ಕಷ್ಟವಾಗಿ ಮಾಂಸಖಂಡವೂ ಇಳಿಯುತ್ತದೆ. ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದದ್ದರ ಮೂರರಲ್ಲಿ ಎರಡು ಭಾಗ ಮತ್ತೆ ಬಂದದ್ದನ್ನು ಅದೇ ಪ್ರಯೋಗದ ಮುಂದುವರಿಕೆ ತೋರಿಸಿತು. ಆದ್ದರಿಂದ ಇಂಜೆಕ್ಷನ್ ತೆಗೆದುಕೊಂಡರೂ ಬಕೆಟ್ ಬಿಡುವಂತಿಲ್ಲ. ಮೂರು ನಾಲ್ಕು ಕಿಲೋ ಇಳಿಸಲು, ಮದುವೆಗೆ ಚೆಂದ ಕಾಣಲು ಇದು ಬೇಡ.

ಯಾವ ದಾರಿ ಹಿಡಿಯುವ ಮೊದಲೂ ಥೈರಾಯ್ಡ್ ಪರೀಕ್ಷೆ ಮತ್ತು ಹಿಂದಿನ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಡಿಮೆ ಇದ್ದರೂ ಸುಸ್ತು, ತೂಕ, ಮುಟ್ಟಿನ ಏರುಪೇರು ಹೀಗೇ ಕಾಣುತ್ತವೆ. ಇನ್ನೊಂದನ್ನು ದಯವಿಟ್ಟು ಕಡೆಗಣಿಸಬೇಡಿ. ಹೊಟ್ಟೆ ಎರಡು ಮೂರು ವಾರ ಸತತವಾಗಿ ಉಬ್ಬಿಕೊಂಡೇ ಇದ್ದು, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿ, ಪದೇ ಪದೇ ಮೂತ್ರಕ್ಕೆ ಹೋಗುವಂತಾದರೆ ಅದನ್ನು ಬೊಜ್ಜು ಅಂದುಕೊಂಡು ಸುಮ್ನೆ ಇರಬೇಡಿ. ಅಂಡಾಶಯದ ಕ್ಯಾನ್ಸರ್ ಹೀಗೆ ಶುರುವಾಗುವುದುಂಟು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದೇ ಒಂದು ಹನಿ ರಕ್ತ ಕಂಡರೂ ತೋರಿಸಿ.

ಹನ್ನೆರಡು ವಾರದ ಲೆಕ್ಕ

ಆರಿಸಿಕೊಂಡ ದಾರಿಗೆ ಹನ್ನೆರಡು ವಾರ ಕೊಡಿ. ಅದಕ್ಕಿಂತ ಮೊದಲು ತೀರ್ಮಾನ ಬೇಡ. ಟೇಪು ಎರಡು ಸೆಂಟಿಮೀಟರಾದರೂ ಇಳಿದು, ಬಕೆಟ್ ಏರಿದ್ದರೆ ತೂಕ ನಿಂತಿದ್ದರೂ ದಾರಿ ಸರಿ ಇದೆ. ತೂಕ ಇಳಿದು, ಕುರ್ಚಿಯಿಂದ ಏಳುವುದು ಮೊದಲಿಗಿಂತ ಕಷ್ಟವಾಗಿದ್ದರೆ ಹೋಗುತ್ತಿರುವುದು ಮಾಂಸಖಂಡ. ಪ್ರೋಟೀನ್ ಲೆಕ್ಕ ಮತ್ತೆ ಹಾಕಿ. ಟೇಪು, ತೂಕ ಎರಡೂ ಅಲುಗಾಡದಿದ್ದರೆ ಮೂರು ದಿನ ತಿಂದದ್ದನ್ನೆಲ್ಲ ಬರೆದು ನೋಡಿ. ಎಣ್ಣೆ, ಕಾಯಿ, ಸಂಜೆಯ ಕುರುಕಲು, ಕಾಫಿಯ ಸಕ್ಕರೆ, ಸಾಮಾನ್ಯವಾಗಿ ಇವುಗಳಲ್ಲೇ ಸಿಗುತ್ತದೆ.

ಅತ್ತಿಗೆಯ ಮೊದಲ ಆರು ವಾರ ತಕ್ಕಡಿ ಅಲುಗಾಡಲೇ ಇಲ್ಲ. ‘ಇದೂ ಅಷ್ಟೇ ಬಿಡು’ ಅಂದರು. ಟೇಪು ಆಗಲೇ ಒಂದೂವರೆ ಸೆಂಟಿಮೀಟರ್ ಇಳಿದಿತ್ತು. ಆರು ತಿಂಗಳಿಗೆ ತೂಕ 64ರಿಂದ 61ಕ್ಕೆ ಬಂತು. ಹೊಟ್ಟೆ 92ರಿಂದ 86ಕ್ಕೆ. 77 ಇನ್ನೂ ದೂರ ಇದೆ, ಅಲ್ಲಿಗೆ ಮುಟ್ಟುತ್ತಾರೋ ಇಲ್ಲವೋ ಹೇಳಲಾರೆ. ಆದರೆ ಮಹಡಿ ಮೇಲೆ ಒಣಹಾಕಲು ಒದ್ದೆ ಬಟ್ಟೆಯ ಬಕೆಟ್ಟನ್ನು ಈಗ ನಡುವೆ ನಿಲ್ಲದೆ ಹೊತ್ತೊಯ್ಯುತ್ತಾರೆ. ಹೋದ ವಾರ ಫೋನ್ ಮಾಡಿದ್ದರು. ಒಂದೊಂದು ಬಕೆಟ್‌ಗೆ ಒಂಬತ್ತು ಮಗ್ ಆಗಿದೆ, ಇನ್ನು ಹಾಕಿದರೆ ನೀರು ತುಳುಕುತ್ತದೆ, ಬದಲಿಗೆ ಮರಳು ತುಂಬಬಹುದಾ ಎಂದು ಕೇಳಿದರು. ತುಂಬಬಹುದು ಅಂದೆ. ಮರಳು ನೀರಿಗಿಂತ ಒಂದೂವರೆ ಪಟ್ಟು ಭಾರ, ಅದಕ್ಕೆ ಆರು ಮಗ್ ಮರಳಿನಿಂದ ಶುರು ಮಾಡಲು ಹೇಳಿದ್ದೇನೆ.